ಸದಸ್ಯತ್ವ ನವೀಕರಿಸಿದವರೇ ದುಬಾರಿಯಾದ ಬ್ಯೂಟಿ ಪಾರ್ಲರ್: ಒಂದು ಪ್ರಕರಣ ಅಧ್ಯಯನ

ದಕ್ಷಿಣ ಕರ್ನಾಟಕದ ಒಂದು ನಗರದ ಹಳೆಯ ಬಡಾವಣೆಯಲ್ಲಿರುವ ಮಹಿಳೆಯರ ಬ್ಯೂಟಿ ಪಾರ್ಲರ್ ಇದು. ನಾಲ್ಕು ಕುರ್ಚಿ, ಫೇಶಿಯಲ್‌ಗೆ ಒಂದು ಕೋಣೆ, ಮಾಲಕಿಯನ್ನು ಬಿಟ್ಟು ಐವರು ಕೆಲಸಗಾರ್ತಿಯರು. ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಡುವುದು ನನ್ನ ಕೆಲಸ. ಸದಸ್ಯತ್ವ ಯೋಜನೆ ಶುರುವಾಗಿ ಐದು ತಿಂಗಳಾದ ಮೇಲೆ ನಾನು ಈ ಲೆಕ್ಕಕ್ಕೆ ಬಂದೆ. ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ, ಮೊತ್ತಗಳನ್ನು ದುಂಡಾಗಿಸಿದ್ದೇನೆ. ಒಂದು ಅಂಕಿ ಇನ್ನೊಂದಕ್ಕೆ ಎಷ್ಟು ಪಾಲು ಎಂಬುದು ಮಾತ್ರ ಇದ್ದ ಹಾಗೆಯೇ ಇದೆ. ತೆರಿಗೆಯ ವಿಚಾರ ಬೇರೆಯೇ ಕಥೆ. ಇಲ್ಲಿನ ಮೊತ್ತಗಳೆಲ್ಲ ತೆರಿಗೆ ಕಳೆದ ಮೇಲಿನವು.

ಹಿನ್ನೆಲೆ

ಯೋಜನೆಗೆ ಹಿಂದಿನ ವರ್ಷ ಪಾರ್ಲರ್‌ಗೆ ಸುಮಾರು 900 ಮಂದಿ ಬಂದಿದ್ದರು. ಬಿಲ್‌ಗಳು 3,600, ವಹಿವಾಟು 28.8 ಲಕ್ಷ ರೂಪಾಯಿ. ತಿಂಗಳಿಗೆ 2.4 ಲಕ್ಷ ಬಂದರೆ ಬಾಡಿಗೆ, ಸಂಬಳ, ಕಮಿಷನ್, ಸಾಮಗ್ರಿ ಎಲ್ಲ ಸೇರಿ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಖರ್ಚು. ಬದುಕಲು ಸಾಕು, ಬೆಳೆಯಲು ಸಾಲದು. ಮಾಲಕಿಗೆ ಇನ್ನೊಂದು ಫೇಶಿಯಲ್ ಕೋಣೆ ಬೇಕಿತ್ತು. ಬ್ಯಾಂಕಿನ ಸಾಲ ಬೇಡವಾಗಿತ್ತು.

ಅವರ ತಮ್ಮ ಅದೇ ಊರಿನಲ್ಲಿ ಜಿಮ್ ನಡೆಸುತ್ತಾರೆ. ವರ್ಷದ ಹಣವನ್ನು ಮೊದಲೇ ವಸೂಲು ಮಾಡಿ, ಆ ಹಣದಲ್ಲಿ ಯಂತ್ರಗಳನ್ನು ತಂದು, ಎರಡು ವರ್ಷದಲ್ಲಿ ಮಹಡಿಯನ್ನೂ ಬಾಡಿಗೆಗೆ ಹಿಡಿದವರು. "ಅಕ್ಕ, ನೀನು ಪ್ರತಿ ಬಿಲ್‌ಗೂ ಕಾಯುತ್ತಾ ಕೂರುವುದೇಕೆ?" ಎಂದು ತಮ್ಮ ಜಿಮ್‌ನ ಲೆಕ್ಕದ ಹಾಳೆಯನ್ನೇ ಕೊಟ್ಟರು. ಅಂಕಿಗಳನ್ನು ಬದಲಿಸಿದರೆ ಮುಗಿಯಿತು, ಅದೇ ಪಾರ್ಲರ್‌ನ ಯೋಜನೆಯಾಯಿತು.

ಯೋಜನೆ ಸರಳವಾಗಿತ್ತು. 6,000 ರೂ. ಕಟ್ಟಿದರೆ ಹನ್ನೆರಡು ತಿಂಗಳಲ್ಲಿ 7,500 ರೂ. ಬೆಲೆಯ ಯಾವ ಸೇವೆಯನ್ನಾದರೂ ಪಡೆಯಬಹುದು. ಪ್ರತಿ ಬಾರಿ ಬಿಲ್ಲಿನ ಮೊತ್ತ ಖಾತೆಯ ಬಾಕಿಯಿಂದ ಕಡಿತವಾಗುತ್ತದೆ.

ಹಾಳೆಯಲ್ಲಿ ಮೂರು ಊಹೆಗಳಿದ್ದವು. ಮೊದಲನೆಯದು, ಸರಾಸರಿ ಗ್ರಾಹಕಿ ವರ್ಷಕ್ಕೆ ನಾಲ್ಕು ಸಲ ಬಂದು 800ರಂತೆ 3,200 ರೂ. ಕೊಡುತ್ತಾಳೆ, ಸದಸ್ಯೆಯಾದರೆ 6,000 ಕೊಡುತ್ತಾಳೆ, ಅಂದರೆ ತಲೆಗೆ 2,800 ಹೆಚ್ಚುವರಿ. ಎರಡನೆಯದು, ಬಾಕಿಯಲ್ಲಿ ನೂರಕ್ಕೆ 15ರಷ್ಟು ಬಳಕೆಯಾಗದೆ ಉಳಿದು ಪಾರ್ಲರ್‌ಗೇ ಸೇರುತ್ತದೆ. ಮೂರನೆಯದು, ನೂರರಲ್ಲಿ 70 ಮಂದಿ ಮುಂದಿನ ವರ್ಷ ನವೀಕರಿಸುತ್ತಾರೆ. ಈ 70 ಗಾಳಿಯಲ್ಲಿ ಹುಟ್ಟಿದ್ದಲ್ಲ. ಹಿಂದಿನ ವರ್ಷದ ಕಾಯಂ ಗ್ರಾಹಕಿಯರ ಹೆಸರುಗಳನ್ನು ಈ ವರ್ಷದ ಬಿಲ್‌ಗಳ ಜೊತೆ ತಾಳೆ ನೋಡಿ ಮಾಲಕಿಯೇ ಪಡೆದ ಅಂಕಿ ಅದು. ಶ್ರದ್ಧೆಯಿಂದ ಮಾಡಿದ ಕೆಲಸ. ಆದರೆ ಕಾಯಂ ಗ್ರಾಹಕಿಯರಲ್ಲಿ ಕಂಡದ್ದನ್ನು ಸದಸ್ಯತ್ವ ಕೊಳ್ಳುವವರೆಲ್ಲರಿಗೂ ಹಚ್ಚಿದ್ದರು.

ದಸರೆಗೆ ಮೊದಲು ಆರಂಭಿಸಿ ದೀಪಾವಳಿಯ ಹೊತ್ತಿಗೆ 140 ಸದಸ್ಯತ್ವಗಳು ಮಾರಾಟವಾದವು. 8.4 ಲಕ್ಷ ರೂಪಾಯಿ ಕೈಗೆ ಬಂತು. ಐದು ಲಕ್ಷ ಹೊಸ ಕೋಣೆ, ಏಸಿ ಮತ್ತು ಎರಡು ಕುರ್ಚಿಗೆ ಹೋಯಿತು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಹಳೆಯ ಬಾಕಿಗಳಿಗೆ.

ಫೆಬ್ರವರಿಯ ಗಲ್ಲಾ

ನನ್ನನ್ನು ಕರೆದದ್ದು ಲಾಭ ನಷ್ಟ ನೋಡಲೆಂದಲ್ಲ. "ಕೆಲಸ ಹೆಚ್ಚಾಗಿದೆ, ದುಡ್ಡು ಕಾಣುತ್ತಿಲ್ಲ, ಯಾರಾದರೂ ತೆಗೆಯುತ್ತಿದ್ದಾರಾ ನೋಡಿ ಸರ್" ಎಂದು. ಕಳ್ಳತನದ ಅನುಮಾನ. ಶನಿವಾರ ಭಾನುವಾರ ಬಾಗಿಲ ಬಳಿ ಬೆಂಚಿನಲ್ಲಿ ಕೂರಲು ಜಾಗವಿಲ್ಲ. ಆದರೆ ಸಂಜೆ ಗಲ್ಲಾ ಎಣಿಸಿದರೆ ಹಿಂದಿನ ವರ್ಷ ಅದೇ ತಿಂಗಳಲ್ಲಿ ಇದ್ದಷ್ಟೂ ಇಲ್ಲ.

ಯಾರೂ ತೆಗೆಯುತ್ತಿರಲಿಲ್ಲ. ತಿಂಗಳ ನಗದು 2.4 ಲಕ್ಷದಿಂದ ಒಂದೂಮುಕ್ಕಾಲು ಲಕ್ಷಕ್ಕೆ ಇಳಿದಿತ್ತು, ಏಕೆಂದರೆ ಪ್ರತಿ ತಿಂಗಳು ತಪ್ಪದೆ ಹಣ ಕೊಡುತ್ತಿದ್ದವರೇ ಈಗ ಬಾಕಿಯಿಂದ ಕಡಿತ ಮಾಡಿಸಿಕೊಂಡು ಹೋಗುತ್ತಿದ್ದರು. ಅವರ ವರ್ಷದ ಹಣ ಅಕ್ಟೋಬರ್‌ನಲ್ಲೇ ಬಂದು ಕೋಣೆಯ ಗೋಡೆಗೆ ಸೇರಿತ್ತು. ಪುಸ್ತಕದಲ್ಲಿ 8.4 ಲಕ್ಷವನ್ನು ಬಂದ ದಿನವೇ ಆದಾಯವೆಂದು ಬರೆದಿದ್ದರು. ಅದು ಆದಾಯವಲ್ಲ, ಗ್ರಾಹಕಿಯರಿಗೆ ತೀರಿಸಬೇಕಾದ ಕೆಲಸದ ಸಾಲ. ಸೇವೆ ಕೊಟ್ಟಷ್ಟೇ ಆದಾಯ, ಉಳಿದದ್ದು ಮುಂಗಡ. ಹಾಗೆ ತಿದ್ದಿ ಬರೆದಾಗ ಅಕ್ಟೋಬರ್, ನವೆಂಬರ್‌ನ ಭಾರಿ ಲಾಭ ಮಾಯವಾಗಿ ಐದೂ ತಿಂಗಳು ಸಪ್ಪೆಯಾಗಿ ಕಂಡವು.

ಒಳಗೆ ಇನ್ನೊಂದು ಜಗಳವೂ ಹುಟ್ಟಿತ್ತು. ಕೆಲಸಗಾರ್ತಿಯರಿಗೆ ಬಿಲ್ಲಿನ ಮೇಲೆ ನೂರಕ್ಕೆ ಹತ್ತು ಕಮಿಷನ್. ಸದಸ್ಯೆಗೆ 1,200ರ ಫೇಶಿಯಲ್ ಮಾಡಿದರೆ ಕಮಿಷನ್ 1,200ರ ಮೇಲೋ, ರಿಯಾಯಿತಿ ಕಳೆದ 960ರ ಮೇಲೋ? ಮಾಲಕಿ 960 ಎಂದರು. "ಅಕ್ಕ, ರಿಯಾಯಿತಿ ಕೊಟ್ಟದ್ದು ನೀವು, ನನ್ನ ಕೈ ಅಷ್ಟೇ ಹೊತ್ತು ಕೆಲಸ ಮಾಡಿದೆ" ಎಂದು ಹಿರಿಯ ಕೆಲಸಗಾರ್ತಿ ಹೇಳಿದ ಮಾತಿಗೆ ಉತ್ತರವಿರಲಿಲ್ಲ. ಪೂರ್ತಿ ಮೊತ್ತದ ಮೇಲೆಯೇ ಕೊಡಲು ಒಪ್ಪಿದರು. ಆದರೆ ಅಷ್ಟರಲ್ಲಿ ಮನಸ್ಸು ಕೆಟ್ಟಿತ್ತು. ಇದರ ಬೆಲೆ ಮುಂದೆ ತಿಳಿಯಿತು.

ನಗದು ಕೊರತೆಗೆ ಮಾಲಕಿ ಕಂಡುಕೊಂಡ ದಾರಿ ಇನ್ನಷ್ಟು ಸದಸ್ಯತ್ವ ಮಾರುವುದು. ಯುಗಾದಿಗೆ 6,000ಕ್ಕೆ 8,000 ರೂ. ಸೇವೆ ಎಂದು ಫಲಕ ಹಾಕಲು ಹೊರಟಾಗ ನಾನು ತಡೆದೆ, ಅವರು ಕೇಳಲಿಲ್ಲ. ಮಾರ್ಚ್ ಸಂಬಳ ಕೊಡಬೇಕಿತ್ತು, ಅವರ ಜಾಗದಲ್ಲಿ ಯಾರಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದರು. ಅದರಲ್ಲಿ 40 ಸದಸ್ಯತ್ವ ಹೋದವು, ಎರಡು ತಿಂಗಳ ಉಸಿರು ಸಿಕ್ಕಿತು. ಮುಂದಿನ ಲೆಕ್ಕಕ್ಕೆ ನಾನು ಮೊದಲ ತಂಡದ 140 ಮಂದಿಯನ್ನು ಮಾತ್ರ ತೆಗೆದುಕೊಂಡಿದ್ದೇನೆ. ಎರಡು ತಂಡಗಳನ್ನು ಕಲೆಸಿದರೆ ಹೊಸಬರ ಹಣ ಹಳಬರ ಕೊರತೆಯನ್ನು ಮುಚ್ಚಿಬಿಡುತ್ತದೆ, ಏನೂ ಕಾಣುವುದಿಲ್ಲ.

ಸದಸ್ಯೆಯರು ಯಾರು?

ಹಾಳೆಯ ಮೊದಲ ಊಹೆಯನ್ನು ಪರೀಕ್ಷಿಸಲು ಹೊಸ ಮಾಹಿತಿ ಬೇಕಿರಲಿಲ್ಲ. ಬಿಲ್ಲಿಂಗ್ ತಂತ್ರಾಂಶದಲ್ಲಿ ಪ್ರತಿ ಬಿಲ್‌ಗೂ ಮೊಬೈಲ್ ಸಂಖ್ಯೆ ಇತ್ತು. 140 ಸಂಖ್ಯೆಗಳನ್ನು ತೆಗೆದುಕೊಂಡು, ಸದಸ್ಯತ್ವ ಕೊಳ್ಳುವ ಮುಂಚಿನ ಹನ್ನೆರಡು ತಿಂಗಳಲ್ಲಿ ಒಬ್ಬೊಬ್ಬರೂ ಎಷ್ಟು ಖರ್ಚು ಮಾಡಿದ್ದರು ಎಂದು ಎದುರಿಗೆ ಬರೆದೆವು. ತಾಯಿ ಮಗಳು ಒಂದೇ ಸಂಖ್ಯೆ ಕೊಟ್ಟ ಕಡೆ ಕೈಯಿಂದ ಬಿಡಿಸಬೇಕಾಯಿತು. ಅದನ್ನು ಬಿಟ್ಟರೆ ಒಂದು ಮಧ್ಯಾಹ್ನದ ಕೆಲಸ.

ನಾಲ್ಕು ಸಲ ಬಂದು 3,200 ಕೊಡುವ ಸರಾಸರಿ ಗ್ರಾಹಕಿ ಸದಸ್ಯೆಯರ ಪಟ್ಟಿಯಲ್ಲಿ ಅಪರೂಪ. ಇಡೀ ಪಾರ್ಲರ್‌ನ 900 ಮಂದಿಯಲ್ಲಿ ಸುಮಾರು 160 ಮಂದಿ ಹೆಚ್ಚುಕಡಿಮೆ ಪ್ರತಿ ತಿಂಗಳು ಬರುವವರು, ವರ್ಷಕ್ಕೆ 8,000 ರೂ. ಆಸುಪಾಸು ಖರ್ಚು ಮಾಡುವವರು. 240 ಮಂದಿ ನಡುವಿನವರು, ಖರ್ಚು 3,500 ರೂ. ಉಳಿದ 500 ಮಂದಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಬಂದವರು. ಸದಸ್ಯತ್ವ ಕೊಂಡ 140ರಲ್ಲಿ 84 ಮಂದಿ ಮೊದಲ ಗುಂಪಿನವರು, 36 ಮಂದಿ ನಡುವಿನವರು, 20 ಮಂದಿ ಹೊಸಬರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವರ್ಷಕ್ಕೆ 8,000 ಖರ್ಚು ಮಾಡುವವಳಿಗೆ 6,000 ಕಟ್ಟಿ 7,500 ಪಡೆಯುವುದು ಕಣ್ಣುಮುಚ್ಚಿ ಒಪ್ಪುವ ವ್ಯವಹಾರ. 3,500 ಖರ್ಚು ಮಾಡುವವಳು ಎರಡು ಸಲ ಯೋಚಿಸುತ್ತಾಳೆ. ರಿಯಾಯಿತಿಯ ಅಗತ್ಯವೇ ಇಲ್ಲದವರು ತಾವಾಗಿ ಆರಿಸಿಕೊಳ್ಳುವ ಹಾಗೆ ಯೋಜನೆಯೇ ರೂಪುಗೊಂಡಿತ್ತು.

"ಆದರೂ ಅವರು ಈಗ ಹೆಚ್ಚು ಸಲ ಬರುತ್ತಾರಲ್ಲ?" ಎಂದು ಮಾಲಕಿ ಕೇಳಿದರು. ಅದನ್ನೂ ನೋಡಿದೆವು. ಒಬ್ಬ ಪ್ರೌಢಶಾಲಾ ಶಿಕ್ಷಕಿಯ ಬಿಲ್‌ಗಳನ್ನು ಸಾಲಾಗಿ ಇಟ್ಟರೆ ಎಲ್ಲರ ಕಥೆಯೂ ತಿಳಿಯುತ್ತದೆ. ಯೋಜನೆಗೆ ಮೊದಲು ಅವರು ಬಂದ ದಿನಗಳ ನಡುವಿನ ಅಂತರ 29, 33, 31, 28 ದಿನ. ಪ್ರತಿ ಬಾರಿ ಹುಬ್ಬು ಮತ್ತು ಮೇಲ್ದುಟಿಯ ಥ್ರೆಡಿಂಗ್‌ಗೆ 90, ಕೈಗಳ ವ್ಯಾಕ್ಸಿಂಗ್‌ಗೆ 350. ವರ್ಷದಲ್ಲಿ ಹನ್ನೊಂದು ಭೇಟಿ, ಎರಡು ಹೇರ್ ಕಟ್, ವರಮಹಾಲಕ್ಷ್ಮಿ ಹಬ್ಬಕ್ಕೊಂದು ದೀಪಾವಳಿಗೊಂದು ಫೇಶಿಯಲ್. ಒಟ್ಟು 8,240 ರೂ. ಸದಸ್ಯತ್ವದ ನಂತರದ ಅಂತರ 30, 32, 29, 31 ದಿನ. ಅದೇ ಥ್ರೆಡಿಂಗ್, ಅದೇ ವ್ಯಾಕ್ಸಿಂಗ್, ಅದೇ ಹಬ್ಬದ ಫೇಶಿಯಲ್. ಹೆಚ್ಚಿಗೆ ಆದದ್ದು 600 ರೂ.ಗಳ ಒಂದೇ ಒಂದು ಕ್ಲೀನಪ್. ಸೇವೆಯ ಬೆಲೆ 8,840 ಆಯಿತು, ಅವರು ಕೊಟ್ಟದ್ದು 7,340. ಪಾರ್ಲರ್ ಒಂದು ಕ್ಲೀನಪ್ ಹೆಚ್ಚು ಮಾಡಿ 900 ರೂ. ಕಡಿಮೆ ಪಡೆಯಿತು.

ಕಾರಣ ಅವರ ಜಿಪುಣತನವಲ್ಲ, ಕೂದಲು. ತಲೆಗೂದಲು ತಿಂಗಳಿಗೆ ಸುಮಾರು ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಬಣ್ಣ ಹಾಕಿಸಿಕೊಂಡವರಿಗೆ ಬೈತಲೆಯಲ್ಲಿ ಬಿಳಿ ಗೆರೆ ಕಾಣಿಸಿಕೊಳ್ಳಲು ಐದಾರು ವಾರ ಬೇಕು. ಹುಬ್ಬು ಕೆಡಲು ಮೂರರಿಂದ ನಾಲ್ಕು ವಾರ. ವ್ಯಾಕ್ಸಿಂಗ್‌ಗಂತೂ ರೋಮ ಸ್ವಲ್ಪ ಬೆಳೆಯದೆ ಮೇಣ ಹಿಡಿಯುವುದೇ ಇಲ್ಲ. ಈ ಸೇವೆಗಳಲ್ಲಿ ಗ್ರಾಹಕಿ ಮತ್ತೆ ಯಾವಾಗ ಬರುತ್ತಾಳೆ ಎಂಬುದನ್ನು ಅವಳ ಮೈ ನಿರ್ಧರಿಸುತ್ತದೆ. ರಿಯಾಯಿತಿ ಕೊಟ್ಟ ಮಾತ್ರಕ್ಕೆ ಹುಬ್ಬು ಬೇಗ ಬೆಳೆಯುವುದಿಲ್ಲ. ಹೆಚ್ಚಿಸಲು ಸಾಧ್ಯವಿರುವುದು ಎರಡೇ: ಫೇಶಿಯಲ್, ಕ್ಲೀನಪ್, ಹೇರ್ ಸ್ಪಾದಂಥ ಇಷ್ಟವಿದ್ದರೆ ಮಾಡಿಸುವ ಸೇವೆಗಳು ಮತ್ತು ಬೇರೆ ಅಂಗಡಿಯಲ್ಲಿ ಮಾಡಿಸಿಕೊಳ್ಳುತ್ತಿದ್ದ ಕೆಲಸ. ಕಾಯಂ ಗ್ರಾಹಕಿಯರು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಅವರಲ್ಲಿ ಎರಡನೆಯದಕ್ಕೆ ಎಡೆಯೇ ಇರಲಿಲ್ಲ.

ಜಿಮ್‌ನ ಹಾಳೆ ಇಲ್ಲಿ ಸೋತದ್ದೂ ಇದೇ ಕಾರಣಕ್ಕೆ. ಜಿಮ್ ಮಾರುವುದು ಒಳಗೆ ಬರುವ ಹಕ್ಕನ್ನು. ಬಾರದ ಸದಸ್ಯನಿಂದ ಜಿಮ್‌ಗೆ ಖರ್ಚಿಲ್ಲ. 2006ರಲ್ಲಿ ಪ್ರಕಟವಾದ, ಅಮೆರಿಕದ ಜಿಮ್‌ಗಳ ಬಗೆಗಿನ ಒಂದು ಪ್ರಸಿದ್ಧ ಅಧ್ಯಯನದಲ್ಲಿ ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟುತ್ತಿದ್ದವರು ಸರಾಸರಿ ನಾಲ್ಕು ಸಲಕ್ಕಿಂತ ಸ್ವಲ್ಪ ಹೆಚ್ಚು ಹೋಗುತ್ತಿದ್ದರು. ಹತ್ತು ಭೇಟಿಗಳ ಪಾಸ್ ಕೊಂಡರೆ ಭೇಟಿಗೆ ಹತ್ತು ಡಾಲರ್ ಮಾತ್ರ ಬೀಳುವಂತಿದ್ದರೂ ಪ್ರತಿ ಭೇಟಿಗೆ 17 ಡಾಲರ್‌ಗೂ ಮಿಗಿಲಾಗಿ ಕೊಟ್ಟಂತಾಗಿತ್ತು. ಜನ ತಮ್ಮ ಉತ್ಸಾಹವನ್ನು ಹೆಚ್ಚಾಗಿ ಅಂದಾಜು ಮಾಡುತ್ತಾರೆ, ಜಿಮ್‌ನ ಲೆಕ್ಕ ಅದರ ಮೇಲೆ ನಿಲ್ಲುತ್ತದೆ. ಪಾರ್ಲರ್‌ನ ಬಾಕಿ ಹಕ್ಕಲ್ಲ, ಹಣ. "ನನ್ನದು ಇನ್ನೂ 2,300 ಇದೆ" ಎಂದು ಪ್ರತಿಯೊಬ್ಬರಿಗೂ ಬಾಯಿಪಾಠ. ನೂರಕ್ಕೆ 15 ಉಳಿಯುತ್ತದೆ ಎಂದುಕೊಂಡಿದ್ದ ಬಾಕಿಯಲ್ಲಿ ವರ್ಷದ ಕೊನೆಗೆ ಉಳಿದದ್ದು ಬರೀ 5. ಅದೂ ನಡುವಿನವರದು ಮತ್ತು ಹೊಸಬರದು. ಕಾಯಂ ಗ್ರಾಹಕಿಯರದು ಒಂದು ರೂಪಾಯಿಯೂ ಇಲ್ಲ.

ವರ್ಷ ತುಂಬಿದಾಗ

ಜೂನ್‌ನಲ್ಲಿ ಹಿರಿಯ ಕೆಲಸಗಾರ್ತಿ ಬಿಟ್ಟು ಹೋಗಿ ಒಂದು ಕಿಲೋಮೀಟರ್ ದೂರದಲ್ಲಿ ತಮ್ಮದೇ ಪಾರ್ಲರ್ ತೆರೆದರು. ಕಮಿಷನ್ ಜಗಳವೊಂದೇ ಕಾರಣ ಎನ್ನಲಾರೆ, ಅದೂ ಒಂದು. ಹೊಸ ಅಂಗಡಿಯ ಪೂಜೆಗೆ ಮೊದಲೇ ಅವರ ಗ್ರಾಹಕಿಯರಿಗೆ ಸುದ್ದಿ ಹೋಗಿತ್ತು. ಅವರ ಕೈಗೆ ಒಗ್ಗಿಕೊಂಡಿದ್ದ 16 ಮಂದಿ ಸದಸ್ಯೆಯರು ಒಬ್ಬೊಬ್ಬರಾಗಿ ಬಂದು, ಇಷ್ಟು ದಿನ ಕೇಳದಿದ್ದ ಫೇಶಿಯಲ್, ಪೆಡಿಕ್ಯೂರ್ ಎಲ್ಲ ಮಾಡಿಸಿಕೊಂಡು ಎರಡೇ ವಾರದಲ್ಲಿ ಬಾಕಿ ಖಾಲಿ ಮಾಡಿ ಹೋದರು. ಸದಸ್ಯತ್ವ ಗ್ರಾಹಕಿಯನ್ನು ಅಂಗಡಿಗೆ ಕಟ್ಟಿಹಾಕುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಅವರು ಬರುತ್ತಿದ್ದದ್ದು ಆ ಕೈಗಾಗಿ.

ಹನ್ನೆರಡು ತಿಂಗಳು ತುಂಬಿದ ಮೇಲೆ ಗುಂಪು ಗುಂಪಾಗಿ ಲೆಕ್ಕ ಹಾಕಿದೆವು. 84 ಕಾಯಂ ಗ್ರಾಹಕಿಯರು ಯೋಜನೆಗೆ ಮುಂಚಿನ ವರ್ಷಕ್ಕಿಂತ ಸರಾಸರಿ 1,100 ರೂ. ಕಡಿಮೆ ಕೊಟ್ಟಿದ್ದರು. ಅಲ್ಲಿ 92 ಸಾವಿರ ಹೋಯಿತು. ನಡುವಿನ 36 ಮಂದಿ 3,500 ಕೊಡುತ್ತಿದ್ದವರು 6,000 ಕೊಟ್ಟಿದ್ದರು, ಅಲ್ಲಿ 90 ಸಾವಿರ ಬಂತು. ಯೋಜನೆ ನಿಜವಾಗಿ ಕೆಲಸ ಮಾಡಿದ್ದು ಈ 36 ಮಂದಿಯಲ್ಲಿ. ಕ್ಲೀನಪ್ ಕಲಿತರು, ಪಕ್ಕದ ರಸ್ತೆಯಲ್ಲಿ ಮಾಡಿಸುತ್ತಿದ್ದ ಥ್ರೆಡಿಂಗನ್ನೂ ಇಲ್ಲಿಗೇ ತಂದರು.

ಹೊಸಬರು 20 ಮಂದಿಯ ಕಥೆ ವಿಚಿತ್ರ. ಅವರಲ್ಲಿ 12 ಮಂದಿ ಮದುವೆ ಮನೆಯವರು. ವಧುವೋ, ವಧುವಿನ ಅಕ್ಕನೋ, ಅತ್ತಿಗೆಯೋ. 7,500 ರೂಪಾಯಿಯನ್ನು ಮದುವೆಯ ಮುಂಚಿನ ಕೆಲವೇ ವಾರಗಳಲ್ಲಿ ಮುಗಿಸಿದರು, ಮತ್ತೆ ಕಾಣಿಸಲಿಲ್ಲ. ಮಾಲಕಿಯ ಡೈರಿಯಲ್ಲಿ ಅವರ ವಿಚಾರಣೆಗಳು ಸದಸ್ಯತ್ವದ ಫಲಕ ಹಾಕುವ ಮೊದಲೇ ದಾಖಲಾಗಿದ್ದವು. ಫಲಕವಿಲ್ಲದಿದ್ದರೆ ಪೂರ್ತಿ ಬೆಲೆ ಕೊಡುತ್ತಿದ್ದರು. ಅಲ್ಲಿ 18 ಸಾವಿರ ನಷ್ಟ. ಉಳಿದ 8 ಮಂದಿಯಷ್ಟೇ ನಿಜವಾದ ಹೊಸ ಗಳಿಕೆ, 48 ಸಾವಿರ.

ಎಲ್ಲ ಕೂಡಿ ಕಳೆದರೆ ಹೆಚ್ಚಿಗೆ ಬಂದದ್ದು ಸುಮಾರು 28 ಸಾವಿರ ರೂಪಾಯಿ. ಆ ಹಣಕ್ಕಾಗಿ ಹೆಚ್ಚಿಗೆ ಮಾಡಿಕೊಟ್ಟ ಸೇವೆಗಳ ಸಾಮಗ್ರಿ ಮತ್ತು ಕಮಿಷನ್ 55 ಸಾವಿರ. ಹಾಳೆಯ ಪ್ರಕಾರ 140 ಮಂದಿಯಿಂದ ಬರಬೇಕಾಗಿದ್ದ ಹೆಚ್ಚುವರಿ 3.92 ಲಕ್ಷ, ಕೈಗೆ ಉಳಿದದ್ದು 27 ಸಾವಿರದಷ್ಟು ನಷ್ಟ. ವಾರಾಂತ್ಯದಲ್ಲಿ ಬೆಂಚು ತುಂಬಿದ್ದು ಕಂಡು ತಿರುಗಿ ಹೋದ ಪೂರ್ತಿ ಬೆಲೆಯ ಗ್ರಾಹಕಿಯರನ್ನು ಯಾರೂ ಎಣಿಸಿರಲಿಲ್ಲ, ಅದು ಇದರಲ್ಲಿ ಸೇರಿಲ್ಲ.

ಇನ್ನು ನವೀಕರಣ. ಒಟ್ಟು 140ರಲ್ಲಿ 69 ಮಂದಿ, ಅಂದರೆ ಅರ್ಧದಷ್ಟು. ಮಾಲಕಿಗೆ ನಿರಾಸೆಯಾಯಿತು. ಒಳಗೆ ನೋಡಿದರೆ ಅವರ 70 ತಪ್ಪಾಗಿರಲಿಲ್ಲ: ಕಾಯಂ ಗ್ರಾಹಕಿಯರು 84ರಲ್ಲಿ 59 ಮಂದಿ ನವೀಕರಿಸಿದ್ದರು, ಸರಿಯಾಗಿ ನೂರಕ್ಕೆ 70. ನಡುವಿನವರು 36ರಲ್ಲಿ 9. ಹೊಸಬರಲ್ಲಿ ಒಬ್ಬರು. ಊಹೆ ನಿಜವಾಯಿತು, ಆದರೆ ನಿಜವಾದದ್ದು ತಲೆಗೆ 1,100 ರೂ. ನಷ್ಟ ತರುವ ಗುಂಪಿನಲ್ಲಿ. ಲಾಭ ತಂದ ಗುಂಪು ಚದುರಿತ್ತು. ಒಟ್ಟು ನವೀಕರಣ ಪ್ರಮಾಣ 50ರ ಬದಲು 70ಕ್ಕೆ ಏರಿದ್ದರೂ, ಏರಿಕೆ ಕಾಯಂನವರಿಂದಲೇ ಬಂದಿದ್ದರೆ ನಷ್ಟವೇ ಹೆಚ್ಚುತ್ತಿತ್ತು. ನವೀಕರಣ ಪ್ರಮಾಣವನ್ನು ಒಂದೇ ಅಂಕಿಯಾಗಿ ನೋಡುವವರು ಇದನ್ನು ಎಂದೂ ಕಾಣಲಾರರು.

ನಡುವಿನವರಲ್ಲಿ 27 ಮಂದಿ ಏಕೆ ನವೀಕರಿಸಲಿಲ್ಲ ಎಂದು ತಿಳಿಯಲು ಮಾಲಕಿಯೇ ಫೋನ್ ಮಾಡಿ ಕೇಳಿದರು. ಬಹುತೇಕರು ಕೋಪದಿಂದೇನೂ ಇರಲಿಲ್ಲ. "ಒಂದೇ ಸಲ ಆರು ಸಾವಿರ ಮನೆಯಲ್ಲಿ ಕೇಳುವುದು ಕಷ್ಟ ಮೇಡಂ" ಎಂಬುದು ಹಲವರ ಮಾತು. ಕೆಲವರು ಕೊನೆಯ ತಿಂಗಳಲ್ಲಿ ಬಾಕಿ ಮುಗಿಸಲೆಂದೇ ಅವಸರದಲ್ಲಿ ಎರಡು ಮೂರು ಸೇವೆ ಮಾಡಿಸಿಕೊಂಡು ಸಾಕಾಗಿದ್ದರು.

ಎರಡನೆಯ ಸುತ್ತಿನ ತೀರ್ಮಾನಗಳು

ಈಗ ಎರಡು ದಾರಿಗಳಿದ್ದವು. ರಿಯಾಯಿತಿ ಇಳಿಸಿ ಅದೇ ಯೋಜನೆ ಮುಂದುವರಿಸುವುದು, ಅಥವಾ ಯಾರ ನಡವಳಿಕೆ ಬದಲಾಗಬಹುದೋ ಅವರಿಗಾಗಿ ಬೇರೆಯೇ ಯೋಜನೆ ಮಾಡುವುದು. ಮಾಲಕಿಗೆ ಮೊದಲನೆಯದು ಸುಲಭವೆನಿಸಿತು. ಎರಡನೆಯದಕ್ಕೆ ಒಪ್ಪಿಸಿದ್ದು ಹೊಸ ಗ್ರಾಹಕಿಯರ ಒಂದು ಲೆಕ್ಕ. ಮೊದಲ ಬಾರಿ ಬಂದ ನೂರು ಮಂದಿಯಲ್ಲಿ 34 ಮಂದಿ ಮೂರು ತಿಂಗಳೊಳಗೆ ಎರಡನೆಯ ಬಾರಿ ಬಂದಿದ್ದರು. ಆ 34ರಲ್ಲಿ 22 ಮಂದಿ ಮೂರನೆಯ ಬಾರಿ. ಆ 22ರಲ್ಲಿ 18 ಮಂದಿ ನಾಲ್ಕನೆಯ ಬಾರಿ. ಮೂರು ಸಲ ಬಂದವಳು ತಾನಾಗಿ ಬರುತ್ತಾಳೆ, ಅವಳಿಗೆ ಯೋಜನೆ ಬೇಡ. ಸೋರಿಕೆ ಇರುವುದು ಮೊದಲ ಮತ್ತು ಎರಡನೆಯ ಭೇಟಿಯ ನಡುವೆ. ವರ್ಷದ ಸದಸ್ಯತ್ವ ಆ ಜಾಗವನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಒಮ್ಮೆ ಬಂದವಳು 6,000 ಕಟ್ಟುವುದಿಲ್ಲ.

ಹಾಗಾಗಿ ಮೊದಲ ಭೇಟಿಯ ನಂತರ, ಮಾಡಿಸಿಕೊಂಡ ಸೇವೆಗೆ ತಕ್ಕ ಸಮಯಕ್ಕೆ ಒಂದು ಸಂದೇಶ ಕಳುಹಿಸಲು ನಿರ್ಧರಿಸಿದೆವು. ಥ್ರೆಡಿಂಗ್‌ಗೆ ಮೂರೂವರೆ ವಾರ, ವ್ಯಾಕ್ಸಿಂಗ್‌ಗೆ ನಾಲ್ಕು, ಬಣ್ಣಕ್ಕೆ ಐದು. ರಿಯಾಯಿತಿಯ ಮಾತಿಲ್ಲ. "ನೀವು ಬಂದು ನಾಲ್ಕು ವಾರವಾಯಿತು. ಬುಧವಾರ ಅಥವಾ ಗುರುವಾರ ಸಂಜೆ ನಿಮಗೆ ಸಮಯ ಇಡಲೇ?" ಎಂದಷ್ಟೇ, ಕೆಲಸ ಮಾಡಿದವರ ಹೆಸರಿನಲ್ಲಿ. ಆದರೆ ಸಂಖ್ಯೆ ಮಾತ್ರ ಅಂಗಡಿಯದು. ಜೂನ್‌ನ ಪಾಠ ಮರೆತಿರಲಿಲ್ಲ.

ಇದರಿಂದ ಪ್ರಯೋಜನವಿದೆಯೇ ಎಂದು ತಿಳಿಯಲು ಒಂದು ಸಣ್ಣ ಉಪಾಯ ಮಾಡಿದೆವು. ಮೊಬೈಲ್ ಸಂಖ್ಯೆಯ ಕೊನೆಯ ಅಂಕಿ ಸಮವಾಗಿದ್ದವರಿಗೆ ಸಂದೇಶ, ಬೆಸವಾಗಿದ್ದವರಿಗೆ ಇಲ್ಲ. ಯಾರನ್ನೂ ನಾವು ಆರಿಸಿದಂತಾಗುವುದಿಲ್ಲ, ಒಳ್ಳೆಯ ಗ್ರಾಹಕಿಯರಿಗೇ ಸಂದೇಶ ಹೋಗುವ ಪಕ್ಷಪಾತ ತಪ್ಪುತ್ತದೆ. ಮೊದಲ ಮೂರು ತಿಂಗಳಲ್ಲಿ ಸಮ ಅಂಕಿಯ 92 ಹೊಸಬರಲ್ಲಿ 36 ಮಂದಿ ಎರಡು ತಿಂಗಳೊಳಗೆ ಮರಳಿದರು, ಬೆಸ ಅಂಕಿಯ 95ರಲ್ಲಿ 25 ಮಂದಿ. ಇಷ್ಟು ಸಣ್ಣ ಗುಂಪಿನಲ್ಲಿ ಇಂಥ ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರಬಹುದು. ಅದಕ್ಕೇ ಇನ್ನೂ ಮೂರು ತಿಂಗಳು ಹಾಗೆಯೇ ನಡೆಸಿದೆವು. ಅಂತರ ಸ್ವಲ್ಪ ಕಿರಿದಾಯಿತು, ದಿಕ್ಕು ಬದಲಾಗಲಿಲ್ಲ. ಆಮೇಲೆ ಎಲ್ಲರಿಗೂ ಕಳುಹಿಸತೊಡಗಿದರು.

ನಡುವಿನವರಿಗೆ ಮೂರು ಕ್ಲೀನಪ್‌ಗಳ ಕಟ್ಟು: 1,800ರ ಬದಲು 1,500 ರೂ., ನೂರು ದಿನದೊಳಗೆ, ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಮಾತ್ರ. ಮಂಗಳವಾರ, ಶುಕ್ರವಾರ ಕೂದಲು ಕತ್ತರಿಸಲು ಯಾರೂ ಬರುವುದಿಲ್ಲ, ಆ ದಿನಗಳ ಮಧ್ಯಾಹ್ನ ಕುರ್ಚಿಗಳು ಖಾಲಿ. ಮುಖದ ಕೆಲಸಕ್ಕೆ ಆ ಶಾಸ್ತ್ರ ಅಡ್ಡ ಬರುವುದಿಲ್ಲ. ಬಿಲ್ ಮಾಡುವಾಗ ಹಿಂದಿನ ವರ್ಷ ಎರಡರಿಂದ ಆರು ಭೇಟಿ ತೋರಿಸಿದವರಿಗೆ ಮಾತ್ರ ಇದನ್ನು ಹೇಳುವುದು. ಮೊದಲ ನಾಲ್ಕು ತಿಂಗಳಲ್ಲಿ 46 ಮಂದಿ ಕೊಂಡರು, 31 ಮಂದಿ ಮೂರನ್ನೂ ಮಾಡಿಸಿಕೊಂಡರು. ಮಾಡಿಸಿಕೊಳ್ಳದೆ ಉಳಿದವರನ್ನು ಇಲ್ಲಿ ಲಾಭವೆಂದು ಎಣಿಸುವುದಿಲ್ಲ. ಈ ಕಟ್ಟಿನ ಉದ್ದೇಶವೇ ಮೂರನೆಯ ಭೇಟಿ, ಅದು ಆಗದಿದ್ದರೆ ಹೊಸ ಅಭ್ಯಾಸ ಬೆಳೆಯಲಿಲ್ಲ ಎಂದರ್ಥ. ಆಷಾಢದಲ್ಲಿ ಮದುವೆಗಳಿಲ್ಲದೆ ಪಾರ್ಲರ್ ಬಣಗುಡುವಾಗ ಅವಧಿಯನ್ನು ಇನ್ನೊಂದು ತಿಂಗಳು ವಿಸ್ತರಿಸುವ ಮೂಲಕ ಆ ತಿಂಗಳನ್ನೂ ಸ್ವಲ್ಪ ತುಂಬಿದರು.

ಕಷ್ಟವಾದದ್ದು ನವೀಕರಿಸಿದ 59 ಕಾಯಂ ಗ್ರಾಹಕಿಯರ ವಿಷಯ. ಒಮ್ಮೆ ಕೊಟ್ಟ ರಿಯಾಯಿತಿಯನ್ನು ಕಿತ್ತುಕೊಂಡರೆ, ಎಂದೂ ಕೊಡದೇ ಇದ್ದಾಗ ಇಲ್ಲದಿದ್ದ ಅಸಮಾಧಾನ ಹುಟ್ಟುತ್ತದೆ. ಅವರ ಎರಡನೆಯ ವರ್ಷದ ಸದಸ್ಯತ್ವವನ್ನು ಒಪ್ಪಿದ ಷರತ್ತಿನಲ್ಲೇ ನಡೆಸಿಕೊಟ್ಟರು. ಬಂದ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಪ್ರತಿ ತಿಂಗಳು ಸೇವೆ ಕೊಟ್ಟಷ್ಟನ್ನು ಮಾತ್ರ ಈಚೆಗೆ ತೆಗೆದರು. ಈ ನಡುವೆ ಅವರಿಗೆ ನಿಜವಾಗಿ ಬೇಕಾದದ್ದು ಏನೆಂದು ಕೌಂಟರ್‌ನಲ್ಲಿ ಕೇಳಿದಾಗ ಬಂದ ಉತ್ತರ ಹಣದ್ದಲ್ಲ. "ಶನಿವಾರ ಬಂದರೆ ಒಂದು ಗಂಟೆ ಕಾಯಬೇಕು" ಎಂಬುದು ಅವರ ದೂರು. ಕಾಯುವಂತೆ ಮಾಡಿದ್ದು ಅವರಿಗೇ ಮಾರಿದ ಸದಸ್ಯತ್ವ.

ಮೂರನೆಯ ವರ್ಷಕ್ಕೆ ಅವರ ಮುಂದಿಟ್ಟದ್ದು ರಿಯಾಯಿತಿಯಿಲ್ಲದ ಕಾಯ್ದಿರಿಸಿದ ಸಮಯ. ಪ್ರತಿ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹತ್ತು ಎಂದರೆ ಹತ್ತು, ಅದು ಅವರದೇ. ಅದೇ ಭೇಟಿಯಲ್ಲಿ ಮುಂದಿನ ದಿನಾಂಕವನ್ನು ಬರೆದುಕೊಳ್ಳುವುದು. ಇಬ್ಬರು ಕೆಲಸಗಾರ್ತಿಯರು ಸರದಿಯಂತೆ ಅವರ ಕೆಲಸ ಮಾಡುವುದು, ಒಂದೇ ಕೈಗೆ ಒಗ್ಗದಿರಲೆಂದು. ಈ ಕೊನೆಯದಕ್ಕೆ ಗ್ರಾಹಕಿಯರಿಂದಲೇ ವಿರೋಧ ಬಂತು, ಹುಬ್ಬಿನ ವಿಷಯದಲ್ಲಂತೂ ಯಾರೂ ಒಪ್ಪಲಿಲ್ಲ. ವ್ಯಾಕ್ಸಿಂಗ್ ಮತ್ತು ಫೇಶಿಯಲ್‌ಗೆ ಮಾತ್ರ ಜಾರಿಯಾಯಿತು. 59ರಲ್ಲಿ 41 ಮಂದಿ ಸಮಯ ಕಾಯ್ದಿರಿಸಿಕೊಂಡರು, 11 ಮಂದಿ ಮೊದಲಿನಂತೆ ಬಿಡುವಾದಾಗ ಬರುತ್ತಾರೆ, 7 ಮಂದಿ ಬರುವುದನ್ನು ಬಿಟ್ಟರು. ಆ ಏಳರಲ್ಲಿ ಇಬ್ಬರು ರಿಯಾಯಿತಿ ನಿಂತದ್ದಕ್ಕೆ ಎಂದು ಬಾಯಿಬಿಟ್ಟು ಹೇಳಿದರು. ಸದಸ್ಯತ್ವದಲ್ಲಿ 1,100 ಕಡಿಮೆ ಕೊಡುತ್ತಿದ್ದ ಒಬ್ಬ ಕಾಯಂ ಗ್ರಾಹಕಿ ಹೋದರೆ ವರ್ಷಕ್ಕೆ 6,900 ಹೋಗುತ್ತದೆ, ಏಳು ಮಂದಿಗೆ 48 ಸಾವಿರ. ಉಳಿದ 52 ಮಂದಿ ಪೂರ್ತಿ ಬೆಲೆ ಕೊಟ್ಟರೆ ತಲೆಗೆ 1,100ರಂತೆ ವರ್ಷಕ್ಕೆ 57 ಸಾವಿರ ಮರಳುತ್ತದೆ. ಅಂದರೆ ಏಳು ಮಂದಿ ಹೋದ ಮೇಲೆ ಉಳಿದದ್ದು ಒಂಬತ್ತು ಸಾವಿರ, ಅಷ್ಟೇ. ಒಂಬತ್ತನೆಯವರೂ ಹೋಗಿದ್ದರೆ ಈ ತೀರ್ಮಾನವೂ ನಷ್ಟದ್ದೇ ಆಗುತ್ತಿತ್ತು. ಸಾಮಗ್ರಿ ಉಳಿದ ಲೆಕ್ಕ ಹಿಡಿದರೆ ಇನ್ನೂ ಒಂದಿಬ್ಬರವರೆಗೆ ತಡೆಯಬಹುದಿತ್ತು.

ಯುಗಾದಿಯ 40 ಸದಸ್ಯೆಯರದು ಬೇರೆಯೇ ತಲೆನೋವು. 6,000ಕ್ಕೆ 8,000 ಕೊಟ್ಟ ಅವರ ಬಾಕಿ ಮುಂದಿನ ಯುಗಾದಿಗೆ ಮುಗಿಯಬೇಕಿತ್ತು. ಜನವರಿಯಲ್ಲಿ ನೋಡಿದಾಗ ಒಂದು ಲಕ್ಷಕ್ಕೂ ಹೆಚ್ಚು ಬಾಕಿ ಉಳಿದಿತ್ತು. ಹಾಳೆಯ ಪ್ರಕಾರ ಅದು ಸಂತೋಷಪಡಬೇಕಾದ ಸಂಗತಿ. ಮೊದಲ ತಂಡ ಕೊನೆಯ ವಾರಗಳಲ್ಲಿ ಹೇಗೆ ಮುಗಿಬಿದ್ದಿತ್ತೆಂದು ನೋಡಿದ್ದ ಮಾಲಕಿ ಅವಧಿಯನ್ನು ಮೂರು ತಿಂಗಳು ಮುಂದೂಡಿ, ವಾರದ ನಡುವಿನ ದಿನಗಳಲ್ಲಿ ಬಳಸುವಂತೆ ಒಬ್ಬೊಬ್ಬರಿಗೂ ಫೋನ್ ಮಾಡಿದರು.